ಒಂದೇ ಕಂಪನಿ, ಎರಡು ಮೀಟರ್

(ಕುಶಾಲನಗರದಲ್ಲಿ ಸಣ್ಣ ಕೈಗಾರಿಕೆಯವರು ಮತ್ತು ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಸದ್ದು ಜಾಸ್ತಿ ಇದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ನಾನು ಗಂಟಲು ಏರಿಸುತ್ತೇನೆ.

ಎರಡು ಕಂಪನಿ ವಿಲೀನ ಆದ ಮೇಲೆ ಅವು ನಿಜಕ್ಕೂ ಒಂದಾದವಾ ಅಂತ ನೋಡೋದು ಹೇಗೆ ಅನ್ನೋದು ಇವತ್ತಿನ ವಿಷಯ. ನಾನೇ ಕೂತು ಪರಿಶೀಲನೆ ಮಾಡಿದ ಒಂದು ಪ್ರಕರಣ ಹೇಳುತ್ತೇನೆ. ಕಂಪನಿಗಳ ಹೆಸರು ಹೇಳೋದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಾಯಿಸಿದ್ದೇನೆ, ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ.

ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ಬೆಳೆಗಾರರ ಚೆರ್ರಿ, ಪಾರ್ಚ್‌ಮೆಂಟ್ ತಗೊಂಡು, ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗ್ರೇಡ್ ಮಾಡಿ ಕೊಡೋದು ಅವರ ಕೆಲಸ. ಸ್ವಲ್ಪ ಸ್ವಂತ ಖರೀದಿಯೂ ಇತ್ತು. ಇನ್ನೊಂದು ಕಾಫಿ ಹುರಿದು ಪುಡಿ ಮಾಡಿ ಪ್ಯಾಕೆಟ್ ಹಾಕುವ ಫ್ಯಾಕ್ಟರಿ. ಪುಡಿಯವರಿಗೆ ವರ್ಷವಿಡೀ ಒಂದೇ ಥರದ ಬೀಜ ಬೇಕು. ಕ್ಯೂರಿಂಗಿನವರಿಗೆ ಸೀಸನ್ ಮುಗಿದ ಮೇಲೆ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ. ಇಬ್ಬರೂ ಸೇರಿದರೆ ಇಬ್ಬರ ಕಷ್ಟವೂ ತೀರುತ್ತೆ ಅನ್ನೋದು ಲೆಕ್ಕ. ಲೆಕ್ಕ ಚೆನ್ನಾಗಿಯೇ ಇತ್ತು. ಕಾಗದ ಪತ್ರ, ಬ್ಯಾಂಕ್ ಖಾತೆ, ಜಿಎಸ್‌ಟಿ, ಗೇಟಿನ ಮೇಲಿನ ಬೋರ್ಡು ಎಲ್ಲ ಒಂದಾಯಿತು. ಎಂಟು ತಿಂಗಳಾದ ಮೇಲೆ ಅಂಗಡಿಯವರು ಫೋನ್ ಮಾಡೋಕೆ ಶುರು ಮಾಡಿದರು. "ನಿಮ್ಮ ಪುಡಿ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇಲ್ಲ." ಮೊದಲು ಈ ದೂರು ಬರುತ್ತಿರಲಿಲ್ಲ.

ಆಗ ನನ್ನನ್ನು ಕರೆದರು.

ನಾನು ಬಳಸಿದ್ದು ಹಳೇ ಸಾಧನ. ಮೆಕಿನ್ಸಿ ಅನ್ನೋ ಸಲಹಾ ಸಂಸ್ಥೆಯ ವಲಯದಲ್ಲಿ ಹುಟ್ಟಿದ ಏಳು ಅಂಶಗಳ ಚೌಕಟ್ಟು. ರಾಬರ್ಟ್ ವಾಟರ್‌ಮನ್, ಟಾಮ್ ಪೀಟರ್ಸ್, ಜೂಲಿಯನ್ ಫಿಲಿಪ್ಸ್ ಅನ್ನೋ ಮೂವರು 1980ರಲ್ಲಿ ಒಂದು ಲೇಖನ ಬರೆದು ಇದನ್ನು ಹೊರಗೆ ತಂದರು. ಯಾರು ಯಾರ ಕೈಕೆಳಗೆ ಅಂತ ಬರೆದ ಚಾರ್ಟು ಬದಲಾಯಿಸಿದ ಮಾತ್ರಕ್ಕೆ ಸಂಸ್ಥೆ ಬದಲಾಗೋದಿಲ್ಲ ಅನ್ನೋದು ಅವರ ವಾದ. ಏಳು ಅಂಶ ಇವು: ಕಾರ್ಯತಂತ್ರ, ರಚನೆ, ವ್ಯವಸ್ಥೆ, ಸಿಬ್ಬಂದಿ, ಕೌಶಲ, ನಡೆಸುವ ಶೈಲಿ, ಮತ್ತು ಎಲ್ಲರೂ ಒಪ್ಪಿಕೊಂಡ ಮೌಲ್ಯ. ಇಂಗ್ಲಿಷಿನಲ್ಲಿ ಏಳೂ 'ಎಸ್' ಅಕ್ಷರದಿಂದ ಶುರುವಾಗುತ್ತವೆ. ಅದಕ್ಕೇ ಸೆವೆನ್ ಎಸ್ ಅಂತಾರೆ. ನೆನಪಿಗೆ ಬಿಟ್ಟರೆ ಆ ಅಕ್ಷರದಿಂದ ಬೇರೆ ಉಪಯೋಗ ಇಲ್ಲ.

ಇದನ್ನು ಜನ ಹೇಗೆ ಬಳಸುತ್ತಾರೆ ಅಂದರೆ, ಏಳು ಕಾಲಂ ಹಾಕಿ ಒಂದೊಂದಕ್ಕೂ ಐದರಲ್ಲಿ ಇಷ್ಟು ಅಂತ ಅಂಕ ಕೊಡುತ್ತಾರೆ. ರಚನೆಗೆ ನಾಲ್ಕು, ಕೌಶಲಕ್ಕೆ ಮೂರು. ನನ್ನ ಪ್ರಕಾರ ಅದು ಕೆಲಸಕ್ಕೆ ಬಾರದ ಕೆಲಸ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಅಂಶವೂ ಚೆನ್ನಾಗಿಯೇ ಕಾಣುತ್ತೆ. ಒಂದು ಅಂಶ ಇನ್ನೊಂದಕ್ಕೆ ಅಡ್ಡ ನಿಂತಾಗ ತೊಂದರೆ ಹುಟ್ಟೋದು. ಏಳನ್ನು ಎರಡೆರಡಾಗಿ ಜೋಡಿಸಿದರೆ ಇಪ್ಪತ್ತೊಂದು ಜೋಡಿ ಆಗುತ್ತೆ. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ಇವೆರಡೂ ಒಂದೇ ಕಡೆಗೆ ಎಳೆಯುತ್ತವಾ, ಎದುರುಬದುರು ಎಳೆಯುತ್ತವಾ? ಇಪ್ಪತ್ತೊಂದರಲ್ಲಿ ಹೆಚ್ಚಿನವು ತಂಟೆ ಇಲ್ಲದವು. ಕಚ್ಚಾಡುವುದು ನಾಲ್ಕೈದು ಜೋಡಿ ಮಾತ್ರ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ನಾನು ಹೋಗಿದ್ದು ಜುಲೈಯಲ್ಲಿ. ಕೊಡಗಿನ ಜುಲೈ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ಕ್ಯೂರಿಂಗ್ ಕಡೆ ಕೆಲಸ ಕಮ್ಮಿ. ಎಲ್ಲರಿಗೂ ಮಾತಾಡೋಕೆ ಪುರುಸೊತ್ತು. ಮೂರು ದಿನ ಕೂತು ಮೂವತ್ತು ಜನರ ಜೊತೆ ಮಾತಾಡಿದೆ. ಎಲ್ಲರೂ ಗುಣಮಟ್ಟ, ಒಗ್ಗಟ್ಟು ಅಂತಲೇ ಹೇಳಿದರು. ವರದಿ ಬರೆದೆ, ಹೆಚ್ಚು ಕಮ್ಮಿ ಎಲ್ಲ ಸರಿ ಇದೆ ಅಂತ. ದೂರು ಮಾತ್ರ ನಿಲ್ಲಲಿಲ್ಲ. ಎರಡನೇ ಸಲ ಫೆಬ್ರವರಿಯಲ್ಲಿ ಹೋದೆ. ರೊಬಸ್ಟಾ ಕುಯ್ಲು ಜೋರಾಗಿತ್ತು, ಗೇಟಿನ ಮುಂದೆ ಪಿಕಪ್ಪುಗಳ ಸಾಲು ನಿಂತಿತ್ತು. ಆಗ ಯಾರನ್ನೂ ಕೂರಿಸಿ ಪ್ರಶ್ನೆ ಕೇಳಲಿಲ್ಲ. ಒಂದು ಲಾಟ್ ಹಿಡಿದುಕೊಂಡು ಅದರ ಹಿಂದೆ ನಡೆದೆ. ಯಾರ್ಡಿಗೆ ಬಂದ ಗಳಿಗೆಯಿಂದ ಪ್ಯಾಕೆಟ್ ಸೀಲ್ ಆಗೋ ತನಕ.

ಅದು ಆರು ಟನ್ ರೊಬಸ್ಟಾ ಚೆರ್ರಿ ಬೀಜ. ಸಿಪ್ಪೆ ಬಿಡಿಸಿ, ಗ್ರೇಡ್ ಆಗಿ ಪುಡಿ ಕಡೆಗೆ ಹೋಗಬೇಕಿತ್ತು. ಕ್ಯೂರಿಂಗ್ ಕಡೆಯ ಹುಡುಗ ಮಾಯಿಶ್ಚರ್ ಮೀಟರಿಗೆ ಬೀಜ ಸುರಿದ. ತೇವಾಂಶ ಶೇಕಡಾ 11.2 ಬಂತು. ಪುಸ್ತಕದಲ್ಲಿ ಬರೆದ. ಮಧ್ಯಾಹ್ನ ಅದೇ ಲಾಟ್ ಇನ್ನೂರು ಅಡಿ ದೂರದ ಪುಡಿ ವಿಭಾಗಕ್ಕೆ ಹೋಯಿತು. ಅಲ್ಲಿನ ಮೀಟರ್ 12.6 ತೋರಿಸಿತು. ಅಲ್ಲಿಯ ಹುಡುಗಿಯೂ ಪುಸ್ತಕದಲ್ಲಿ ಬರೆದಳು. ಎರಡು ಪುಸ್ತಕ, ಎರಡು ಸಂಖ್ಯೆ. ವಿಲೀನ ಆದಾಗಿನಿಂದ ಹೀಗೇ ನಡೆದಿತ್ತು. ಯಾರೂ ಎರಡು ಪುಸ್ತಕವನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಯಾವುದು ಸರಿ? ಆ ಮೀಟರ್‌ಗಳು ನೀರನ್ನು ನೇರವಾಗಿ ಅಳೆಯೋದಿಲ್ಲ. ಬೀಜದ ವಿದ್ಯುತ್ ಗುಣ ನೋಡಿ ನೀರು ಎಷ್ಟು ಅಂತ ಅಂದಾಜು ಹೇಳುತ್ತವೆ. ಅರೇಬಿಕಾಗೆ ಒಂದು ಸೆಟ್ಟಿಂಗ್, ರೊಬಸ್ಟಾಗೆ ಇನ್ನೊಂದು. ಬಿಸಿಲಲ್ಲಿದ್ದ ಬಿಸಿ ಬೀಜವನ್ನು ಹಾಗೇ ಸುರಿದರೂ ಲೆಕ್ಕ ತಪ್ಪುತ್ತೆ. ಖಚಿತ ಬೇಕಾದರೆ ಓವನ್ ಪರೀಕ್ಷೆ ಮಾಡಬೇಕು. ಬೀಜವನ್ನು 105 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 16 ಗಂಟೆ ಇಟ್ಟು, ಮೊದಲು ಮತ್ತು ಆಮೇಲೆ ತೂಕ ಹಾಕೋದು. ಹಾಗೆ ಮಾಡಿಸಿದೆವು. 12.5 ಬಂತು. ಅಂದರೆ ಪುಡಿಯವರ ಮೀಟರ್ ಸರಿ ಇತ್ತು, ಕ್ಯೂರಿಂಗ್ ಮೀಟರ್ 1.3ರಷ್ಟು ಕಮ್ಮಿ ತೋರಿಸುತ್ತಿತ್ತು.

ಮೀಟರ್ ರಿಪೇರಿ ಮಾಡಿಸಿ ವರದಿ ಮುಗಿಸಬಹುದಿತ್ತು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆಗ ಅಕೌಂಟ್ಸ್‌ನಲ್ಲಿ ಕೂತಿದ್ದ ಒಬ್ಬರು ಮೆಲ್ಲಗೆ ಹೇಳಿದರು, "ಸಾರ್, ಆ ಮೀಟರ್ ಸರಿ ಆಗೋದು ಅವರಿಗೆ ಬೇಡ."

ಯಾಕೆ ಅಂತ ನೋಡೋಣ. ವಿಲೀನ ಆದ ಮೇಲೆ ಎರಡೂ ಕಡೆಗೆ ಬೇರೆ ಬೇರೆ ಲಾಭದ ಲೆಕ್ಕ ಇಟ್ಟಿದ್ದರು. ಕ್ಯೂರಿಂಗ್ ಕಡೆಯವರು ಪುಡಿ ಕಡೆಗೆ ಬೀಜ ಕೊಟ್ಟಾಗ ಕಿಲೋ ಲೆಕ್ಕದಲ್ಲಿ ಅವರ ಖಾತೆಗೆ ಹಣ ಸೇರುತ್ತೆ. ಒಳಗೊಳಗಿನ ಮಾರಾಟ. ಒಂದು ಟನ್ ಬೀಜದಲ್ಲಿ ನೀರು ಶೇಕಡಾ 12.5 ಇದ್ದರೆ, ಒಣ ಪದಾರ್ಥ 875 ಕಿಲೋ. ಅದನ್ನೇ ಶೇಕಡಾ 11ರ ತನಕ ಒಣಗಿಸಿದರೆ ತೂಕ ಸುಮಾರು 983 ಕಿಲೋ ಆಗುತ್ತೆ. ಹದಿನೇಳು ಕಿಲೋ ಹೋಯಿತು. ಆರು ಟನ್ನಿಗೆ ನೂರು ಕಿಲೋ ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಐವತ್ತು ಕಿಲೋದ ಎರಡು ಮೂಟೆ. ಅಂದರೆ ಬೀಜವನ್ನು ಸರಿಯಾಗಿ ಒಣಗಿಸಿ ಕೊಟ್ಟ ಮ್ಯಾನೇಜರ್ ಪ್ರತಿ ಲಾಟಿಗೂ ಎರಡು ಮೂಟೆ ಕಳೆದುಕೊಂಡಂತೆ ಪುಸ್ತಕ ತೋರಿಸುತ್ತೆ. ಜೊತೆಗೆ ಯಾರ್ಡಿನಲ್ಲಿ ಇನ್ನೊಂದು ದಿನ ಜಾಗ ಹಿಡಿಯುತ್ತೆ. ಅವರ ಬೋನಸ್ ದಿನಕ್ಕೆ ಎಷ್ಟು ಟನ್ ಅನ್ನೋದರ ಮೇಲೆ. ಒಣಗಿಸಿದವನಿಗೆ ಎರಡು ಕಡೆಯಿಂದ ಪೆಟ್ಟು.

ಇಲ್ಲಿ ಯಾರೂ ಕಳ್ಳರಲ್ಲ. ಮೀಟರನ್ನು ಯಾರೂ ಬೇಕಂತ ಕೆಡಿಸಿರಲಿಲ್ಲ. ಅದು ತಾನಾಗೇ ಹಾದಿ ತಪ್ಪಿತ್ತು. ತಪ್ಪಿದ್ದು ಅನುಕೂಲದ ಕಡೆಗೆ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಜಾಸ್ತಿ ತೋರಿಸಿದ್ದರೆ ಮರುದಿನವೇ ಮೆಕ್ಯಾನಿಕ್ ಬಂದಿರುತ್ತಿದ್ದ.

ಏಳು ಅಂಶಗಳ ಭಾಷೆಯಲ್ಲಿ ಹೇಳಬೇಕಾದರೆ, ಇದು ಕಾರ್ಯತಂತ್ರ ಮತ್ತು ವ್ಯವಸ್ಥೆಯ ಜಗಳ. ಕಾರ್ಯತಂತ್ರ ಹೇಳುತ್ತೆ, ಒಂದೇ ಥರದ ಬೀಜ ಕೊಡು. ಸಂಬಳ, ಬೋನಸ್, ಒಳಗಿನ ದರ ಹೇಳುತ್ತವೆ, ಒದ್ದೆ ಬೀಜವನ್ನು ಬೇಗ ದಾಟಿಸು. ಜನ ಯಾವುದನ್ನು ಕೇಳುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಕ್ವಾಲಿಟಿಯವರು ಎಲ್ಲಿದ್ದರು? ಇದ್ದರು. ಮೊದಲು ಪುಡಿ ಕಂಪನಿಯಲ್ಲಿ ಕ್ವಾಲಿಟಿ ವಿಭಾಗ ನೇರ ಮಾಲೀಕರಿಗೆ ವರದಿ ಮಾಡುತ್ತಿತ್ತು. ವಿಲೀನದ ಹೊಸ ಚಾರ್ಟಿನಲ್ಲಿ ಹುದ್ದೆ ಕಮ್ಮಿ ಮಾಡೋಕೆ ಹೋಗಿ ಅದನ್ನು ಉತ್ಪಾದನಾ ಮುಖ್ಯಸ್ಥರ ಕೈಕೆಳಗೆ ಹಾಕಿದ್ದರು. ಆ ಮುಖ್ಯಸ್ಥರು ಕ್ಯೂರಿಂಗ್ ಕಡೆಯಿಂದ ಬಂದವರು, ಟನ್ ಬೋನಸ್ ಇದ್ದವರು. ಆ ಹುಡುಗಿ 12.6 ಅಂತ ಬರೆದು ಮೂಟೆಗೆ ಕೆಂಪು ಚೀಟಿ ಕಟ್ಟಿದ್ದು ನಿಜ. ಒಂದು ಗಂಟೆಯಲ್ಲಿ ಅದು ಮಾಯ ಆಗಿತ್ತು. ಕೇಳಿದ್ದಕ್ಕೆ, "ಸಾಹುಕಾರ್ರು ಬಂದಿದ್ರು, ಹೋಗ್ಲಿ ಬಿಡಿ ಅಂದ್ರು" ಅಂದಳು.

ಕ್ಯೂರಿಂಗ್ ಕಡೆಯ ಈ ಸಾಹುಕಾರ್ರು ಕೆಟ್ಟವರಲ್ಲ. ಬೆಳಿಗ್ಗೆ ಆರಕ್ಕೆ ಯಾರ್ಡಿಗೆ ಬಂದು, ಬರಿಗೈಯಲ್ಲಿ ಬೀಜ ಹಿಡಿದು, ಹಲ್ಲಿನಲ್ಲಿ ಕಚ್ಚಿ ನೋಡಿ, ಬಾಯಿಮಾತಿನಲ್ಲೇ ಹತ್ತು ತೀರ್ಮಾನ ಮಾಡುವವರು. ಕ್ಯೂರಿಂಗ್ ಕೆಲಸಕ್ಕೆ ಅದು ಒಳ್ಳೆ ಶೈಲಿ. ಸೀಸನ್‌ನಲ್ಲಿ ಇಮೇಲ್ ಬರೆದು ಕಾಯುತ್ತಾ ಕೂತರೆ ಮಳೆ ಬಂದು ಕಾಫಿ ಹಾಳಾಗುತ್ತೆ. ಪುಡಿ ಕಡೆಯವರು ಎಲ್ಲವನ್ನೂ ಬರೆದಿಡುವ ಜನ. ಎರಡು ಶೈಲಿಯೂ ತಮ್ಮ ತಮ್ಮ ಜಾಗದಲ್ಲಿ ಸರಿ. ಬಾಯಿಮಾತು ಬಂದು ಬರೆದ ಚೀಟಿಯನ್ನು ಬಿಚ್ಚಿದಾಗ ಮಾತ್ರ ಕೆಟ್ಟಿತು.

ಈಗ ಹುರಿಯೋ ಕೋಣೆಗೆ ಬನ್ನಿ. ನನಗೆ ಇಡೀ ಪ್ರಕರಣದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಅಲ್ಲೊಬ್ಬ ಹಿರಿಯರು. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಫಿ ಹುರಿದವರು. ಬೀಜ ಬಿಸಿಯೇರುತ್ತಾ ಬಂದು ಒಂದು ಹಂತದಲ್ಲಿ ಚಟಚಟ ಅಂತ ಸಿಡಿಯುತ್ತೆ. ಒಲೆ ಮೇಲೆ ಕಾಳು ಸಿಡಿದ ಹಾಗೆ. ಆ ಸದ್ದು ಯಾವಾಗ ಶುರುವಾಯಿತು, ಎಷ್ಟು ದಟ್ಟವಾಗಿದೆ, ವಾಸನೆ ಹೇಗಿದೆ ಅಂತ ನೋಡಿಕೊಂಡು ಅವರು ಯಾವಾಗ ಇಳಿಸಬೇಕು ಅಂತ ತೀರ್ಮಾನ ಮಾಡುತ್ತಿದ್ದರು. ಒದ್ದೆ ಬೀಜ ಬಂದರೆ ಸದ್ದು ತಡ. ಅಣ್ಣ ಇನ್ನೊಂದು ನಿಮಿಷ ಬಿಡುತ್ತಿದ್ದರು, ಇಲ್ಲ ಬೆಂಕಿ ಏರಿಸುತ್ತಿದ್ದರು. ಹೀಗಾಗಿ ಬೀಜದಲ್ಲಿ ಏರುಪೇರಿದ್ದರೂ ಪುಡಿ ಒಂದೇ ಥರ ಬರುತ್ತಿತ್ತು.

ವಿಲೀನದ ಜೊತೆ ಹೊಸ ಸಾಫ್ಟ್‌ವೇರ್ ಬಂತು. ಪ್ರತಿ ಬ್ಯಾಚಿಗೂ ಇಷ್ಟು ನಿಮಿಷ, ಇಷ್ಟು ಡಿಗ್ರಿ ಅಂತ ಪಟ್ಟಿ. ಪಟ್ಟಿ ಬಿಟ್ಟು ನಡೆದರೆ ಪರದೆ ಮೇಲೆ ಕೆಂಪು ಗುರುತು. ತಿಂಗಳ ಕೊನೆಗೆ ಕೆಂಪು ಗುರುತು ಎಷ್ಟು ಅಂತ ಎಣಿಸಿ ಮೀಟಿಂಗಿನಲ್ಲಿ ಕೇಳುತ್ತಿದ್ದರು. ಅಣ್ಣ ಎರಡು ತಿಂಗಳು ವಾದ ಮಾಡಿದರು. ಆಮೇಲೆ ಪಟ್ಟಿ ಹೇಳಿದಂತೆ ಇಳಿಸೋಕೆ ಶುರು ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಮಯ ಮುಗಿಯಿತು, ಗಂಟೆ ಬಾರಿಸಿತು. ಚಟಚಟ ಇನ್ನೂ ಜೋರಾಗಿ ನಡೆದಿತ್ತು. ಅಣ್ಣ ಬಾಗಿಲು ತೆಗೆದು ಬೀಜ ಸುರಿದರು. ಬಣ್ಣ ಒಂದು ಮಟ್ಟ ತಿಳಿ. "ಇದು ಬೆಂದಿಲ್ಲ ಅಲ್ವಾ ಅಣ್ಣ?" ಅಂದೆ. "ಬೆಂದಿಲ್ಲ. ಆದ್ರೆ ಹಸಿರು ಗುರುತು ಬಂತು ನೋಡಿ" ಅಂದರು. ನಗಲಿಲ್ಲ.

ಅಂಗಡಿಯವರ ದೂರು ಹುಟ್ಟಿದ್ದು ಇಲ್ಲಿ. ಆ ಪಟ್ಟಿಯನ್ನು ಸಿದ್ಧ ಮಾಡಿದವರು ಶೇಕಡಾ 11 ತೇವಾಂಶದ ಬೀಜಕ್ಕೆ ಲೆಕ್ಕ ಹಾಕಿದ್ದರು. ಪಟ್ಟಿ ತಪ್ಪಲ್ಲ. ಬೀಜ ಪಟ್ಟಿಯಂತೆ ಬರುತ್ತಿರಲಿಲ್ಲ. ಹಳೇ ಕಾಲದಲ್ಲಿ ಬೀಜ ಹೇಗೇ ಬಂದರೂ ಅಣ್ಣನ ಕಿವಿ ಸರಿ ಮಾಡುತ್ತಿತ್ತು. ಹೊಸ ವ್ಯವಸ್ಥೆ ಆ ಕಿವಿಯನ್ನು ಮುಚ್ಚಿಸಿತು. ವ್ಯವಸ್ಥೆ ಮತ್ತು ಕೌಶಲದ ಜೋಡಿ. ಇಂಥ ಕೌಶಲ ಯಾವ ದಾಖಲೆಯಲ್ಲೂ ಇರೋದಿಲ್ಲ. ವಿಲೀನಕ್ಕೆ ಮುಂಚೆ ಲೆಕ್ಕಪರಿಶೋಧಕರು ಯಂತ್ರದ ಬೆಲೆ ಕಟ್ಟಿದ್ದರು, ಅದರ ಮುಂದೆ ನಿಂತವರನ್ನು ಕೇಳಿರಲಿಲ್ಲ.

ಸಿಬ್ಬಂದಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಣ್ಣ ಯಾಕೆ ಜೋರಾಗಿ ಹೇಳಲಿಲ್ಲ ಅಂತ ಕೇಳಿದೆ. ಅವರಿಗೆ ಒಂದು ಭಯ ಇತ್ತು. ಕಂಪನಿ ಹೆಸರು ಬದಲಾದ ಮೇಲೆ ತನ್ನ ಸೇವೆಯ ವರ್ಷಗಳು ಸೊನ್ನೆಯಿಂದ ಶುರುವಾಗುತ್ತವೆ, ಗ್ರಾಚ್ಯುಟಿ ಹೋಯಿತು ಅಂತ ಯಾರೋ ತಲೆಗೆ ತುಂಬಿದ್ದರು. ವಿಲೀನದ ಆದೇಶದಲ್ಲಿ ಸೇವೆ ಮುರಿಯೋದಿಲ್ಲ ಅಂತ ಸ್ಪಷ್ಟವಾಗಿಯೇ ಇತ್ತು. ಇಂಗ್ಲಿಷಿನಲ್ಲಿ, ಹಲವು ಪುಟಗಳ ನಡುವೆ. ಕನ್ನಡದಲ್ಲಿ ಒಂದು ಪುಟದ ಪತ್ರ, ಸೇರಿದ ತಾರೀಖು ಹಾಕಿ, ಪ್ರತಿಯೊಬ್ಬರ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆಮೇಲೆ ಕೊಟ್ಟರು.

ಉಳಿದದ್ದು ಮೌಲ್ಯ. ಎರಡೂ ಕಂಪನಿಯ ಗೋಡೆ ಮೇಲೆ 'ಗುಣಮಟ್ಟವೇ ನಮ್ಮ ಉಸಿರು' ಅನ್ನೋ ಥರದ ಬೋರ್ಡಿತ್ತು. ಅದಕ್ಕೇ ಜುಲೈಯಲ್ಲಿ ನಾನು ಮೋಸ ಹೋದೆ. ಮಾತು ಒಂದೇ, ಅರ್ಥ ಬೇರೆ. ಕ್ಯೂರಿಂಗ್ ಕಡೆ ಗುಣಮಟ್ಟ ಅಂದರೆ ಜರಡಿ ಗಾತ್ರ, ಕಪ್ಪು ಬೀಜ ಎಷ್ಟು, ಔಟ್‌ಟರ್ನ್ ಎಷ್ಟು. ಅಂದರೆ ಒಂದು ಮೂಟೆ ಚೆರ್ರಿಯಲ್ಲಿ ಎಷ್ಟು ಕಿಲೋ ಬೀಜ ಬಂತು ಅನ್ನೋದು. ಪುಡಿ ಕಡೆ ಗುಣಮಟ್ಟ ಅಂದರೆ ಈ ತಿಂಗಳ ಲೋಟ ಹೋದ ತಿಂಗಳ ಲೋಟದ ಹಾಗೇ ಇರಬೇಕು. ಮೊದಲನೆಯ ಅರ್ಥದಲ್ಲಿ ಆ ಆರು ಟನ್ ಲಾಟ್ ಫಸ್ಟ್ ಕ್ಲಾಸ್. ಎರಡನೆಯ ಅರ್ಥದಲ್ಲಿ ಫೇಲ್. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಇದನ್ನು ಪತ್ತೆ ಮಾಡೋಕೆ ನಿಮ್ಮ ಮೌಲ್ಯ ಏನು ಅಂತ ಕೇಳಬೇಡಿ. ಬೋರ್ಡು ಓದಿ ಹೇಳುತ್ತಾರೆ. ನಾನು ಈಗ ಒಂದೇ ಪ್ರಶ್ನೆ ಕೇಳುತ್ತೇನೆ: "ಕೊನೇ ಸಲ ಮಾಲನ್ನು ತಡೆದು ನಿಲ್ಲಿಸಿದ್ದು ಯಾರು, ಯಾವಾಗ, ಯಾತಕ್ಕೆ? ಅವರಿಗೆ ಆಮೇಲೆ ಏನಾಯಿತು?" ಕ್ಯೂರಿಂಗ್ ಕಡೆಯವರು ಕಲ್ಲು ಸಿಕ್ಕಿದ ಕಥೆ ಹೇಳಿದರು. ತೇವಾಂಶಕ್ಕೆ ನಿಲ್ಲಿಸಿದ ಕಥೆ ಒಂದೂ ಇರಲಿಲ್ಲ.

ಸರಿ ಮಾಡಿದ್ದು ಹೇಗೆ? ಏಳನ್ನೂ ಒಟ್ಟಿಗೆ ಮುಟ್ಟಲಿಲ್ಲ. ಮೊದಲು ಒಳಗಿನ ದರ ಬದಲಾಯಿಸಿದೆವು. ಇನ್ನು ಮುಂದೆ ತೂಕಕ್ಕೆ ಹಣ ಅಲ್ಲ, ಶೇಕಡಾ 11ಕ್ಕೆ ಇಳಿಸಿ ಲೆಕ್ಕ ಹಾಕಿದ ತೂಕಕ್ಕೆ. ಒದ್ದೆ ಟನ್ ಕೊಟ್ಟರೂ 983 ಕಿಲೋಗೇ ಹಣ. ಅಷ್ಟಾದ ಮೇಲೆ ಮೀಟರ್ ಸರಿ ಮಾಡಿಸಿ ಅಂತ ನಾವು ಹೇಳಬೇಕಾಗಲೇ ಇಲ್ಲ. ಎರಡೂ ಮೀಟರಿಗೆ ವಾರಕ್ಕೊಮ್ಮೆ ಒಂದೇ ಸ್ಯಾಂಪಲ್, ತಿಂಗಳಿಗೊಮ್ಮೆ ಓವನ್ ಪರೀಕ್ಷೆ. ಕ್ವಾಲಿಟಿ ವಿಭಾಗವನ್ನು ಉತ್ಪಾದನೆಯಿಂದ ಬಿಡಿಸಿದೆವು. ಕೆಂಪು ಚೀಟಿ ಬಿಚ್ಚಬೇಕಾದರೆ ಬಿಚ್ಚಿದವರ ಸಹಿ ಬೇಕು, ಸಾಹುಕಾರ್ರದ್ದೂ ಸೇರಿ. ಅವರಿಗೆ ಅದು ಕೊಂಚ ಕಹಿಯಾಯಿತು. ಸಾಫ್ಟ್‌ವೇರ್ ಪಟ್ಟಿಯನ್ನು ಕಿತ್ತು ಹಾಕಲಿಲ್ಲ. ಅಣ್ಣ ಒಂದು ಮಿತಿಯೊಳಗೆ ಸಮಯ ಹಿಗ್ಗಿಸಬಹುದು, ಕಾರಣ ಒಂದು ಸಾಲು ಬರೆಯಬೇಕು ಅಂತ ಮಾಡಿದೆವು. ಆ ಒಂದೊಂದು ಸಾಲು ಸೇರಿ ಈಗ ಹೊಸಬರಿಗೆ ಕಲಿಸೋ ಪುಸ್ತಕ ಆಗುತ್ತಿದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಗಾರ್ಬ್ಲಿಂಗ್ ಮಾಡುವ ಹೆಂಗಸರಿಗೆ, ಅಂದರೆ ಕೈಯಲ್ಲಿ ಕಪ್ಪು ಬೀಜ ಆರಿಸುವವರಿಗೆ, ಇನ್ನೂ ಕಿಲೋ ಲೆಕ್ಕದಲ್ಲೇ ಕೂಲಿ. ಬೇಗ ಆರಿಸಿದರೆ ಜಾಸ್ತಿ ದುಡ್ಡು, ನಿಧಾನ ಆರಿಸಿದರೆ ಒಳ್ಳೆ ಬೀಜ. ಅದೇ ಜಗಳ, ಚಿಕ್ಕ ರೂಪದಲ್ಲಿ. ದಿನಗೂಲಿಗೆ ಬದಲಾಯಿಸಿ ಅಂದೆ. ಖರ್ಚಿನ ಮಾತು ಬಂತು, ಅಲ್ಲಿಗೇ ನಿಂತಿದೆ.

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ಬೆಳೆಗಾರರು ಎದ್ದು ನಿಂತರು. ಸೋಮವಾರಪೇಟೆ ಕಡೆಯವರು, ವಯಸ್ಸಾದ ಹೆಂಗಸು.

"ಎರಡು ಮೀಟರ್ ಅಂದ್ರಿ. ಗೇಟಲ್ಲಿ ನಮ್ಮ ಕಾಫಿಗೆ ಇಡ್ತಾರಲ್ಲ, ಅದು ಯಾವ್ದು?"

ಸಭೆಯಲ್ಲಿ ನಗು ಎದ್ದಿತು. ನನಗೆ ನಗು ಬರಲಿಲ್ಲ. ಗೇಟಿನಲ್ಲಿ ಬೆಳೆಗಾರರ ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಔಟ್‌ಟರ್ನ್ ಮತ್ತು ತೇವಾಂಶ ನೋಡಿ ದರ ಕಟ್ಟುತ್ತಾರೆ. ಅಲ್ಲೊಂದು ಮೂರನೇ ಮೀಟರ್ ಇತ್ತು. ನಾನು ಅದನ್ನು ಮುಟ್ಟಿರಲಿಲ್ಲ. ಏಳು ಅಂಶವೂ ಕಂಪನಿಯ ಒಳಗಿನವು, ಗೇಟಿನ ಆಚೆ ನಿಂತವರಿಗೆ ಅದರಲ್ಲಿ ಕಾಲಂ ಇಲ್ಲ. ಲಾಟ್ ಹಿಂದೆ ನಡೆದೆ ಅಂತ ಹೆಮ್ಮೆಯಿಂದ ಹೇಳಿದೆನಲ್ಲ, ನಾನು ನಡೆಯೋಕೆ ಶುರು ಮಾಡಿದ್ದು ಯಾರ್ಡಿನಿಂದ, ಗೇಟಿನಿಂದ ಅಲ್ಲ. ನೋಡಿಲ್ಲ ಅಂತಲೇ ಅವರಿಗೆ ಹೇಳಿದೆ.

ಮುಂದಿನ ವಾರ ಹೋದೆ. ಓವನ್‌ನಲ್ಲಿ 11.1 ಬಂದಿದ್ದ ಸ್ಯಾಂಪಲನ್ನು ಗೇಟಿನ ಮೀಟರಿಗೆ ಸುರಿಸಿದೆ. 12 ತೋರಿಸಿತು. ಅದೂ ತಾನಾಗೇ ಹಾದಿ ತಪ್ಪಿತ್ತಂತೆ.